ಮುರಿದ ಬಾಗಿಲು, ಮುಚ್ಚಿದ ಬಾಗಿಲು

2016ನೆಯ ಇಸವಿಯ ಸೆಪ್ಟೆಂಬರ್ 12ರಂದು ಕಾವೇರಿ ನೀರಿನ ವಿವಾದವು ಬೆಂಗಳೂರಿನ ಬೀದಿಗಳಲ್ಲಿ ಗಲಭೆಯ ರೂಪ ತಾಳಿತು. ಬಸ್ಸುಗಳೂ ಲಾರಿಗಳೂ ಬೆಂಕಿಗೆ ಆಹುತಿಯಾದವು. ಅಂಗಡಿಗಳು ಅವಸರದಿಂದ ಬಾಗಿಲು ಹಾಕಿಕೊಂಡವು. ಇಂತಹ ದಿನಗಳಲ್ಲಿ ವ್ಯಾಪಾರಿಗೆ ಎರಡು ಬಗೆಯ ನಷ್ಟ ಒದಗುವುದುಂಟು. ಕೆಲವರ ಬಾಗಿಲನ್ನು ಗುಂಪು ಮುರಿಯುತ್ತದೆ. ಉಳಿದವರ ಬಾಗಿಲು ದಿನವಿಡೀ ಮುಚ್ಚಿರುತ್ತದೆ. ಎರಡೂ ನಷ್ಟಗಳೇ ಸರಿ. ಆದರೆ ವಿಮೆಯು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಅದು ಏಕೆಂಬುದನ್ನು ಇಲ್ಲಿ ನೋಡೋಣ.

ನಮ್ಮ ದೇಶದಲ್ಲಿ ಗಲಭೆಯ ವಿಮೆಯನ್ನು ಅಂಗಡಿಕಾರನು ಸಾಮಾನ್ಯವಾಗಿ ಪ್ರತ್ಯೇಕವಾಗಿ ಕೊಳ್ಳುವುದಿಲ್ಲ. ಅದು ಬೆಂಕಿ ವಿಮೆಯ ಒಂದು ಅಂಗವಾಗಿರುತ್ತದೆ. ಗಲಭೆ, ಮುಷ್ಕರ ಮತ್ತು ದುರುದ್ದೇಶದ ಕೃತ್ಯ ಎಂಬ ಮೂರನ್ನು ಅಲ್ಲಿ ಒಟ್ಟಿಗೆ ಹೇಳಿರುತ್ತದೆ. ದುರುದ್ದೇಶದ ಕೃತ್ಯಕ್ಕೆ ಗುಂಪೇ ಬೇಕೆಂದಿಲ್ಲ. ಹಗೆಯಿಂದ ಒಬ್ಬನೇ ರಾತ್ರಿಯಲ್ಲಿ ಬಂದು ಗಾಜು ಒಡೆದರೂ ಅದು ಈ ಮಾತಿನೊಳಗೆ ಸೇರುತ್ತದೆ. ಆದರೆ ಮೂರಕ್ಕೂ ಒಂದೇ ನಿಬಂಧನೆ: ವಿಮೆ ಮಾಡಿಸಿದ ವಸ್ತುವಿಗೆ ಕಣ್ಣಿಗೆ ಕಾಣುವ ಹಾನಿ ಆ ಕೃತ್ಯದಿಂದಲೇ ನೇರವಾಗಿ ಆಗಿರಬೇಕು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಪೇಟೆಯ ಬೀದಿಯಲ್ಲಿ ಒಂದು ಜವಳಿ ಅಂಗಡಿ. ಅದರ ಪಕ್ಕದಲ್ಲಿ ಒಂದು ಸಿಹಿತಿಂಡಿಯ ಅಂಗಡಿ. ಇಬ್ಬರೂ ವಿಮೆ ಮಾಡಿಸಿದ್ದಾರೆ. ಬಂದ್ ಕಾರಣ ಎರಡು ಅಂಗಡಿಗಳೂ ಮೂರು ದಿನ ಮುಚ್ಚಿದವು. ಮೊದಲ ದಿನವೇ ಗುಂಪೊಂದು ಜವಳಿ ಅಂಗಡಿಯ ಷಟರು ಮುರಿದು ಒಳನುಗ್ಗಿತು. ಸಿಹಿತಿಂಡಿಯ ಅಂಗಡಿಗೆ ಒಂದು ಕಲ್ಲೂ ಬೀಳಲಿಲ್ಲ. ಆದರೆ ಮಾರಾಟವಿಲ್ಲದೆ 9,000 ರೂಪಾಯಿಯ ಹಾಲಿನ ತಿಂಡಿಗಳು ಹಳಸಿಹೋದವು.

ಸಿಹಿತಿಂಡಿಯ ವ್ಯಾಪಾರಿಗೆ ಪರಿಹಾರ ದೊರೆಯದು. ಅವನ ತಿಂಡಿ ಕೆಟ್ಟದ್ದು ಗುಂಪಿನ ಕೈಯಿಂದಲ್ಲ, ಕೆಲಸ ನಿಂತದ್ದರಿಂದ. ಬಂದ್‌ಗೆ ಹೆದರಿ ತಾನೇ ಮುಚ್ಚಿದ್ದರೂ, ಸರ್ಕಾರದ ನಿಷೇಧಾಜ್ಞೆಯಿಂದ ಮುಚ್ಚಿದ್ದರೂ ಉತ್ತರ ಇದೇ. ಲಾಭನಷ್ಟಕ್ಕೆಂದೇ ಬೇರೊಂದು ವಿಮೆ ಇದೆಯಲ್ಲ ಎಂದು ನೀವು ಕೇಳಬಹುದು. ಸಾಮಾನ್ಯವಾಗಿ ಅದು ಕೂಡ, ಮೊದಲು ಕಟ್ಟಡಕ್ಕೋ ಸರಕಿಗೋ ವಿಮೆಗೊಳಪಟ್ಟ ಹಾನಿಯಾಗಿ, ಅದರಿಂದ ವ್ಯಾಪಾರ ನಿಂತಾಗ ಮಾತ್ರ ನೆರವಿಗೆ ಬರುತ್ತದೆ.

ಇನ್ನು ಜವಳಿ ಅಂಗಡಿಯ ಲೆಕ್ಕ. ಷಟರು ಮತ್ತು ಗಾಜಿಗೆ 40,000 ರೂಪಾಯಿ, ಸುಟ್ಟು ಹರಿದ ಬಟ್ಟೆಗೆ 1,10,000 ರೂಪಾಯಿ. ಇವು ಕೃತ್ಯದಿಂದಲೇ ಆದ ಹಾನಿ, ಆದ್ದರಿಂದ ಸಲ್ಲುತ್ತವೆ. ಮೂರು ದಿನ ತಪ್ಪಿದ 15,000 ರೂಪಾಯಿಯ ಲಾಭ ಈ ವಿಮೆಯಲ್ಲಿ ಸಲ್ಲದು. ಗುಂಪು ಹೊತ್ತೊಯ್ದ 60,000 ರೂಪಾಯಿಯ ಬಟ್ಟೆಯ ಮಾತೇನು? ಹಿಂದಿನ ಬೆಂಕಿ ವಿಮೆಯಲ್ಲಿ ಇಂತಹ ಕೃತ್ಯದ ನಡುವಿನ ಕಳವನ್ನು ಹೊರಗಿಟ್ಟಿದ್ದರಿಂದ ಇಲ್ಲಿಯೇ ವಿವಾದ ಏಳುತ್ತಿತ್ತು. 2021ರ ಏಪ್ರಿಲ್ 1ರಿಂದ ಸಣ್ಣ ಉದ್ಯಮಗಳಿಗೆ ಬಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ವಿಮೆಯಲ್ಲಿ, ಅಂತಹ ಘಟನೆ ನಡೆದ ಏಳು ದಿನಗಳೊಳಗೆ ಅದರಿಂದಲೇ ಉಂಟಾದ ಕಳವೂ ಸೇರಿದೆ. ನಮ್ಮ ವ್ಯಾಪಾರಿಯ ವಿಮೆ ಅದೇ ಆಗಿದ್ದರೆ ಒಟ್ಟು 2,10,000 ರೂಪಾಯಿ ಪರಿಗಣನೆಗೆ ಬರುತ್ತದೆ. ಕರಾರಿನಂತೆ ವ್ಯಾಪಾರಿಯೇ ಹೊರಬೇಕಾದ ಅಂಶವನ್ನು ಅದರಲ್ಲಿ ಕಳೆಯುತ್ತಾರೆ.

ಆದರೆ ಸಲ್ಲತಕ್ಕ ಹಣವೂ ಕೆಲವೊಮ್ಮೆ ಕೈಗೆ ಬರುವುದಿಲ್ಲ. ಹಾನಿಯನ್ನು ಅಳೆಯಲು ಸರ್ವೇಯರು ಬರುವ ಮೊದಲೇ ವ್ಯಾಪಾರಿಯು ದುಃಖದಿಂದ ಅಂಗಡಿಯನ್ನು ಗುಡಿಸಿ, ಸುಟ್ಟ ಬಟ್ಟೆಯನ್ನು ತಿಪ್ಪೆಗೆ ಎಸೆದಿರುತ್ತಾನೆ. ಆಗ ಅಳೆಯುವುದಕ್ಕೆ ಉಳಿದಿರುವುದೇನು? ಅವನು ಕೂಡಲೇ ಪೊಲೀಸರಿಗೆ ದೂರು ಕೊಟ್ಟು, ವಿಮಾ ಕಚೇರಿಗೆ ತಿಳಿಸಿ, ಇದ್ದಂತೆಯೇ ಛಾಯಾಚಿತ್ರ ತೆಗೆಸಿ, ಹಾಳಾದ ಸರಕನ್ನು ಬೇರೆಯಾಗಿ ಇರಿಸಬೇಕಿತ್ತು. ಹೊತ್ತೊಯ್ದ ಬಟ್ಟೆಯನ್ನಂತೂ ಯಾರೂ ನೋಡಲಾರರು. ಅದು ಅಂಗಡಿಯಲ್ಲಿತ್ತೆಂದು ಸಾರುವುದು ಖರೀದಿಯ ಬಿಲ್ಲುಗಳೂ ದಾಸ್ತಾನಿನ ಪುಸ್ತಕವೂ ಮಾತ್ರ. ಅದೇ ಅಂಗಡಿಯ ಮೇಜಿನಲ್ಲಿ ಪುಸ್ತಕವೂ ಸುಟ್ಟುಹೋದರೆ ಸಾಕ್ಷಿಯೂ ಸುಟ್ಟಂತೆಯೇ. ಆದ್ದರಿಂದಲೇ ತಿಳಿದ ವ್ಯಾಪಾರಿಯು ಲೆಕ್ಕದ ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟಿರುತ್ತಾನೆ.