ಖಾಲಿಯಾಗಬೇಕಾದ ಕೆಪಾಸಿಟರ್ ಲೆಕ್ಕದಲ್ಲಿ ಏಕೆ ಉಕ್ಕುತ್ತದೆ?

10 ವೋಲ್ಟ್ ತುಂಬಿಸಿದ 1 ಮೈಕ್ರೋಫ್ಯಾರಡ್ ಕೆಪಾಸಿಟರಿಗೆ 20 ಕಿಲೋಓಮ್ ರೆಸಿಸ್ಟರ್ ಜೋಡಿಸಿದರೆ ಅದು ಬೇಗ ಖಾಲಿಯಾಗುತ್ತದೆ. ವೋಲ್ಟೇಜ್ ಇಳಿಯುವ ದರ, ಆ ಕ್ಷಣದ ವೋಲ್ಟೇಜಿನ 50 ಪಟ್ಟು. ಗಣಿತದಲ್ಲಿ ಇದು V′ = −50V. ಅರ್ಧ ಸೆಕೆಂಡಿನಲ್ಲಿ ಅಳೆಯುವಷ್ಟೂ ಉಳಿಯುವುದಿಲ್ಲ.

ಇದನ್ನೇ ಕಂಪ್ಯೂಟರ್ ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುತ್ತದೆ. ಆಯ್ಲರ್ ಹೆಸರಿನ ಮುಮ್ಮುಖ ವಿಧಾನದಲ್ಲಿ ಹೆಜ್ಜೆಯ ಆರಂಭದಲ್ಲಿರುವ ಇಳಿಕೆಯ ದರವನ್ನೇ ಇಡೀ ಹೆಜ್ಜೆಗೆ ಹಚ್ಚುತ್ತೇವೆ. ಹೆಜ್ಜೆಯ ಉದ್ದ h ಆದರೆ ಪ್ರತಿ ಸಲ ವೋಲ್ಟೇಜನ್ನು (1 − 50h) ಇಂದ ಗುಣಿಸಿದಂತಾಯಿತು. h = 0.05 ಸೆಕೆಂಡ್ ಇಟ್ಟರೆ ಗುಣಕ −1.5. ಲೆಕ್ಕ 10, −15, 22.5, −33.75 ಎಂದು ಹೋಗಿ, ಹತ್ತನೆಯ ಹೆಜ್ಜೆಗೆ ಸುಮಾರು 577 ವೋಲ್ಟ್ ತೋರಿಸುತ್ತದೆ! ಸರ್ಕ್ಯೂಟಿನಲ್ಲಿ ದೋಷವಿಲ್ಲ, ಸಮೀಕರಣದಲ್ಲೂ ಇಲ್ಲ. ಹೆಜ್ಜೆ ಮಾತ್ರ ದೊಡ್ಡದಾಯಿತು. ಗುಣಕದ ಗಾತ್ರ 1 ಮೀರದಿರಲು h 0.04ನ್ನು ದಾಟಬಾರದು.

ಹಿಮ್ಮುಖ ವಿಧಾನ ಹೆಜ್ಜೆಯ ಕೊನೆಯಲ್ಲಿರುವ ದರವನ್ನು ಬಳಸುತ್ತದೆ. ಕೊನೆಯ ಬೆಲೆ ಇನ್ನೂ ತಿಳಿಯದಿರುವುದರಿಂದ ಸಮೀಕರಣ ಬಿಡಿಸಿ ಅದನ್ನು ಕಂಡುಕೊಳ್ಳಬೇಕು. ಇಲ್ಲಿ ಗುಣಕ 1/(1 + 50h). ಅದೇ ಹೆಜ್ಜೆಗೆ 10, 2.86, 0.82, 0.23 ಎಂದು ಲೆಕ್ಕ ಇಳಿಯುತ್ತದೆ. h ಎಷ್ಟೇ ದೊಡ್ಡದಾದರೂ ಈ ಗುಣಕ 1ಕ್ಕಿಂತ ಕಡಿಮೆಯೇ.

ದರದ ಗುಣಾಂಕ (ಇಲ್ಲಿ −50) ಮತ್ತು h ಇವುಗಳ ಗುಣಲಬ್ಧವನ್ನು z ಎನ್ನೋಣ. ತೂಗಾಡುತ್ತ ಕ್ಷಯಿಸುವ ವ್ಯವಸ್ಥೆಗಳಿಗೆ z ಸಂಕೀರ್ಣ ಸಂಖ್ಯೆಯಾಗುವುದರಿಂದ ಚಿತ್ರವನ್ನು ಸಮತಲದಲ್ಲಿ ಬಿಡಿಸುತ್ತಾರೆ. ಮುಮ್ಮುಖ ವಿಧಾನದ ಸ್ಥಿರತಾ ವಲಯ −1ರ ಸುತ್ತ 1 ತ್ರಿಜ್ಯದ ವೃತ್ತದ ಒಳಭಾಗ ಮಾತ್ರ. ಹಿಮ್ಮುಖದ್ದು +1ರ ಸುತ್ತಲಿನ ಅಂಥದೇ ವೃತ್ತದ ಹೊರಗಿನದೆಲ್ಲ. ಕ್ಷಯಿಸುವ ಉತ್ತರಗಳಿರುವ ಎಡ ಅರ್ಧ ಸಮತಲ ಪೂರ್ತಿ ಅದರೊಳಗೆ ಬರುತ್ತದೆ. ಈ ಗುಣಕ್ಕೆ 1963ರಲ್ಲಿ ಸ್ವೀಡನ್ನಿನ ಗಣಿತಜ್ಞ ದಾಲ್‌ಕ್ವಿಸ್ಟ್ 'ಎ-ಸ್ಥಿರತೆ' ಎಂದು ಹೆಸರಿಟ್ಟರು.

ಆದರೆ ಸ್ಥಿರವಾದುದೆಲ್ಲ ನಿಖರವಲ್ಲ. ಮೊದಲ ಹೆಜ್ಜೆಯ ನಿಜವಾದ ಉತ್ತರ 0.82 ವೋಲ್ಟ್, ಹಿಮ್ಮುಖ ವಿಧಾನ ಕೊಟ್ಟದ್ದು 2.86. ಅಷ್ಟೇ ಅಲ್ಲ, ನಿಜಕ್ಕೂ ಬೆಳೆಯುವ ಉತ್ತರವನ್ನೂ ದೊಡ್ಡ ಹೆಜ್ಜೆಯಲ್ಲಿ ಅದು ಕುಗ್ಗಿಸಿ ತೋರಿಸಬಹುದು. ಆದ್ದರಿಂದ ಉತ್ತರ ಪ್ರತಿ ಹೆಜ್ಜೆಗೂ ಚಿಹ್ನೆ ಬದಲಿಸುತ್ತ ಬೆಳೆದರೆ ಅಸ್ಥಿರತೆಯನ್ನು ಶಂಕಿಸಬೇಕು. ನಯವಾಗಿ ಇಳಿದರೂ ಹೆಜ್ಜೆಯನ್ನು ಅರ್ಧ ಮಾಡಿ ಹೋಲಿಸಬೇಕು.

ಎರಡರ ಬೆಲೆ ತಿಳಿಯುವುದು ಒಂದೇ ಸರ್ಕ್ಯೂಟಿನಲ್ಲಿ ವೇಗದ ಮತ್ತು ನಿಧಾನದ ಕ್ಷಯ ಸೇರಿದಾಗ. ಒಂದರ ಕಾಲಮಾನ 1 ಮಿಲಿಸೆಕೆಂಡ್, ಇನ್ನೊಂದರದು 1 ಸೆಕೆಂಡ್ ಎನ್ನೋಣ. ವೇಗದ ಭಾಗ ಕ್ಷಣದಲ್ಲಿ ಮಾಯವಾದರೂ ಮುಮ್ಮುಖ ವಿಧಾನ ಕೊನೆಯವರೆಗೂ 0.002 ಸೆಕೆಂಡಿನ ಮಿತಿ ದಾಟುವಂತಿಲ್ಲ. ದಾಟಿದರೆ ಅಳಿದುಳಿದ ಸೂಕ್ಷ್ಮ ದೋಷವೇ ಮತ್ತೆ ಉಕ್ಕುತ್ತದೆ. 10 ಸೆಕೆಂಡಿಗೆ ಕನಿಷ್ಠ 5000 ಹೆಜ್ಜೆ ಬೇಕು. ಹಿಮ್ಮುಖ ವಿಧಾನವಾದರೆ ನಿಧಾನದ ಭಾಗಕ್ಕೆ ಸಾಕಾಗುವ 0.1 ಸೆಕೆಂಡಿನಂತೆ 100 ಹೆಜ್ಜೆಯಲ್ಲಿ ಮುಗಿಸುತ್ತದೆ. ಪ್ರತಿ ಹೆಜ್ಜೆಗೆ ಸಮೀಕರಣ ಬಿಡಿಸುವ ಖರ್ಚಿದ್ದರೂ ಸರ್ಕ್ಯೂಟ್ ಲೆಕ್ಕದ ತಂತ್ರಾಂಶಗಳು ಇಂಥ ವಿಧಾನಗಳನ್ನೇ ನೆಚ್ಚುವುದು ಇದಕ್ಕಾಗಿ.