ಮಾಂಸಖಂಡದೊಳಗೆ ಬೆಳೆಯುವ ಮೂಳೆ

ಸೊಂಟದ ಕೀಲಿನ ಶಸ್ತ್ರಚಿಕಿತ್ಸೆ ಆದ ಕೆಲವರಲ್ಲಿ, ತಲೆಗೆ ಬಲವಾದ ಪೆಟ್ಟು ಬಿದ್ದ ಕೆಲವರಲ್ಲಿ, ಮೂಳೆ ಇರಬಾರದ ಜಾಗದಲ್ಲಿ ಮೂಳೆ ಬೆಳೆಯುತ್ತದೆ. ಕೀಲಿನ ಸುತ್ತಲಿನ ಮಾಂಸಖಂಡದಲ್ಲಿ ಮೊದಲು ಚುಕ್ಕೆಯಂತೆ ಕಾಣಿಸಿಕೊಂಡು, ಆಮೇಲೆ ಹಬ್ಬಿ, ಕೊನೆಗೆ ಒಬ್ಬೊಬ್ಬರಲ್ಲಿ ಕೀಲನ್ನೇ ಅಲುಗಾಡದಂತೆ ಕಟ್ಟಿಹಾಕುತ್ತದೆ. ವೈದ್ಯರು ಇದನ್ನು ಹೆಟೆರೊಟೋಪಿಕ್ ಆಸಿಫಿಕೇಶನ್ ಎನ್ನುತ್ತಾರೆ. ಇದು ಸುಣ್ಣದ ಅಂಶ ಕೂಡಿಕೊಂಡು ಆದ ಗಂಟಲ್ಲ. ಕೊಯ್ದು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಇದಕ್ಕೂ ತೊಡೆಯ ಮೂಳೆಗೂ ಹೆಚ್ಚು ವ್ಯತ್ಯಾಸ ಸಿಗುವುದಿಲ್ಲ. ಹೊರಗೆ ಗಟ್ಟಿ ಪದರ, ಒಳಗೆ ಜಾಲದಂಥ ಮೂಳೆ, ಅದರೊಳಗೆ ಮಜ್ಜೆ, ಓಡಾಡುವ ರಕ್ತನಾಳಗಳು ಎಲ್ಲವೂ ಇರುತ್ತವೆ.

ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಗಾಯವಾಗಿ ಕಾಲುಗಳ ಸ್ವಾಧೀನ ಕಳೆದುಕೊಂಡ ಸೈನಿಕರಲ್ಲಿ ಇದನ್ನು ಕಂಡು, 1918ರಲ್ಲಿ ವಿವರವಾಗಿ ಬರೆದವರು ಫ್ರಾನ್ಸಿನ ನರವೈದ್ಯೆ ಅಗಸ್ಟಾ ಡೆಜೆರಿನ್ ಮತ್ತು ಆಂದ್ರೆ ಸೆಯಿಯೆ. ಸೊಂಟಕ್ಕೆ ಗಾಯವೇ ಆಗಿರದ ಸೈನಿಕರ ಸೊಂಟದಲ್ಲೂ ಮೂಳೆ ಬೆಳೆದಿತ್ತು. ನರಮಂಡಲದ ಗಾಯಕ್ಕೂ ದೂರದ ಕೀಲಿಗೂ ಏನು ಸಂಬಂಧ ಎಂಬ ಪ್ರಶ್ನೆಗೆ ಇಂದಿಗೂ ಪೂರ್ತಿ ಉತ್ತರ ಸಿಕ್ಕಿಲ್ಲ.

ಮೂಳೆ ಹುಟ್ಟಲು ಮೂರು ಸಂಗತಿಗಳು ಒಟ್ಟಿಗೆ ಸೇರಬೇಕು. ಮೂಳೆಯ ಜೀವಕೋಶವಾಗಿ ಬದಲಾಗಬಲ್ಲ ಮೂಲಕೋಶಗಳು ಇರಬೇಕು, ಅವನ್ನು ಆ ದಾರಿಗೆ ತಿರುಗಿಸುವ ರಾಸಾಯನಿಕ ಸಂಕೇತ ಬರಬೇಕು, ಸುತ್ತಲಿನ ವಾತಾವರಣವೂ ಅದಕ್ಕೆ ಒದಗಬೇಕು. ಸೊಂಟದ ಶಸ್ತ್ರಚಿಕಿತ್ಸೆಯಲ್ಲಿ ಮೂರೂ ಒಂದೇ ಕಡೆ ಸಿಗುತ್ತವೆ. ಕೀಲಿನ ಬಟ್ಟಲನ್ನು ಕೆರೆಯುವಾಗ ಮೂಳೆಯ ಪುಡಿ ಮತ್ತು ಮಜ್ಜೆ ಮಾಂಸಖಂಡದ ಮೇಲೆ ಚೆಲ್ಲುತ್ತವೆ. ಮಾಂಸಖಂಡ ಜಜ್ಜಿ ಹೋಗಿರುತ್ತದೆ, ರಕ್ತ ಹೆಪ್ಪುಗಟ್ಟಿರುತ್ತದೆ, ಉರಿಯೂತ ಏರಿರುತ್ತದೆ. ಮೂಲಕೋಶಗಳು ಮೊದಲು ಮೃದ್ವಸ್ಥಿಯಾಗಿ, ಅನಂತರ ಮೂಳೆಯಾಗಿ ಮಾರ್ಪಡುತ್ತವೆ. ಈ ದಿಕ್ಕು ನಿರ್ಧಾರವಾಗುವುದು ಗಾಯವಾದ ಮೊದಲ ಕೆಲವೇ ದಿನಗಳಲ್ಲಿ, ಎಕ್ಸ್‌-ರೇಯಲ್ಲಿ ಏನೂ ಕಾಣದ ಹೊತ್ತಿನಲ್ಲಿ. ಈ ಕಾಯಿಲೆಯ ತಡೆಗಟ್ಟುವಿಕೆಯೆಲ್ಲ ನಿಂತಿರುವುದು ಈ ಒಂದು ಅಂಶದ ಮೇಲೆ.

ಎಲ್ಲರಿಗೂ ಅಪಾಯ ಒಂದೇ ಪ್ರಮಾಣದಲ್ಲಿರುವುದಿಲ್ಲ. ಹಿಂದೆ ಒಂದು ಸೊಂಟದಲ್ಲಿ ಹೀಗೆ ಮೂಳೆ ಬೆಳೆದಿದ್ದರೆ ಇನ್ನೊಂದು ಬದಿಯ ಶಸ್ತ್ರಚಿಕಿತ್ಸೆಯ ನಂತರವೂ ಬೆಳೆಯುವ ಸಂಭವ ಬಹಳ ಹೆಚ್ಚು. ವೈದ್ಯರು ಮೊದಲು ಕೇಳಬೇಕಾದ ಪ್ರಶ್ನೆಯೇ ಇದು. ಹೆಂಗಸರಿಗಿಂತ ಗಂಡಸರಲ್ಲಿ ಇದು ಜಾಸ್ತಿ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರುವವರಲ್ಲಿ, ಸವೆದ ಕೀಲಿನ ಸುತ್ತ ಮೂಳೆಯ ಮುಳ್ಳುಗಳು ದಟ್ಟವಾಗಿ ಬೆಳೆದಿರುವವರಲ್ಲಿ ಸಾಮಾನ್ಯಕ್ಕಿಂತ ಹೆಚ್ಚು ಕಾಣುತ್ತದೆ. ಯೋಜಿಸಿ ಮಾಡುವ ಕೀಲು ಬದಲಾವಣೆಗಿಂತ ಅಪಘಾತದಲ್ಲಿ ಒಡೆದ ಬಟ್ಟಲನ್ನು ಜೋಡಿಸುವ ಶಸ್ತ್ರಚಿಕಿತ್ಸೆಯಲ್ಲಿ ಅಪಾಯ ಜಾಸ್ತಿ, ಏಕೆಂದರೆ ಅಲ್ಲಿ ಮಾಂಸಖಂಡವನ್ನು ಹೆಚ್ಚು ಸರಿಸಬೇಕಾಗುತ್ತದೆ, ಅದು ಮೊದಲೇ ಪೆಟ್ಟು ತಿಂದೂ ಇರುತ್ತದೆ. ತಲೆಗೆ ಪೆಟ್ಟು ಬಿದ್ದವರ ಪೈಕಿ ಬಹಳ ದಿನ ಪ್ರಜ್ಞೆ ಇಲ್ಲದವರು, ವೆಂಟಿಲೇಟರ್ ಮೇಲಿದ್ದವರು, ಕೈಕಾಲು ಬಿಗಿದು ಸೆಟೆದುಕೊಳ್ಳುವವರು ಹೆಚ್ಚಿನ ಅಪಾಯದಲ್ಲಿರುತ್ತಾರೆ. ತೀವ್ರವಾದ ತಲೆಗಾಯ ಮತ್ತು ಸೊಂಟದ ಮುರಿತ ಎರಡೂ ಒಬ್ಬರಲ್ಲೇ ಸೇರಿದರೆ ಅಪಾಯ ಇನ್ನಷ್ಟು ಏರುತ್ತದೆ. ದ್ವಿಚಕ್ರ ವಾಹನದ ಅಪಘಾತಗಳಲ್ಲಿ ಈ ಜೋಡಿ ಅಪರೂಪವೇನಲ್ಲ.

ಲಕ್ಷಣಗಳು ಸಾಮಾನ್ಯವಾಗಿ ಮೂರರಿಂದ ಹನ್ನೆರಡು ವಾರಗಳ ನಡುವೆ ಶುರುವಾಗುತ್ತವೆ. ಕೀಲಿನ ಚಲನೆ ದಿನೇದಿನೇ ಕಡಿಮೆಯಾಗುವುದು ಮೊದಲ ಸುಳಿವು. ಅದನ್ನು ಮೊದಲು ಗುರುತಿಸುವವರು ಬಹುಪಾಲು ಫಿಸಿಯೋಥೆರಪಿಸ್ಟ್. ಜಾಗ ಬಿಸಿಯಾಗುತ್ತದೆ, ಊದಿಕೊಳ್ಳುತ್ತದೆ, ಕೆಲವರಿಗೆ ಸಣ್ಣ ಜ್ವರವೂ ಬರುತ್ತದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದಾಗಲೂ, ಗಾಯದಲ್ಲಿ ಸೋಂಕಾದಾಗಲೂ ಇವೇ ಲಕ್ಷಣಗಳು ಇರುವುದರಿಂದ ಮೊದಲು ಅವೆರಡನ್ನೂ ತಳ್ಳಿಹಾಕಬೇಕು. ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಏರುತ್ತದೆ, ಆದರೆ ಮುರಿದ ಮೂಳೆ ಕೂಡುವಾಗಲೂ ಅದು ಏರುವುದರಿಂದ ಅದೊಂದನ್ನೇ ನಂಬುವಂತಿಲ್ಲ. ಮೂರು ಹಂತದ ಬೋನ್ ಸ್ಕ್ಯಾನ್ ಎಕ್ಸ್‌-ರೇಗಿಂತ ವಾರಗಳಷ್ಟು ಮುಂಚೆ ಇದನ್ನು ತೋರಿಸುತ್ತದೆ. ಎಕ್ಸ್‌-ರೇಯಲ್ಲಿ ಮಂಜಿನಂಥ ಮಸುಕು ಕಾಣಲು ಸುಮಾರು ನಾಲ್ಕರಿಂದ ಆರು ವಾರ ಬೇಕು.

ಎಷ್ಟು ಬೆಳೆದಿದೆ ಎಂದು ಅಳೆಯಲು ಸೊಂಟಕ್ಕೆ ಬಹುತೇಕ ಎಲ್ಲೆಡೆ ಬಳಕೆಯಲ್ಲಿರುವುದು 1973ರಲ್ಲಿ ಬ್ರೂಕರ್ ಮತ್ತು ಸಂಗಡಿಗರು ರೂಪಿಸಿದ ವರ್ಗೀಕರಣ. ಸೊಂಟವನ್ನು ಎದುರಿನಿಂದ ತೆಗೆದ ಒಂದು ಎಕ್ಸ್‌-ರೇ ಸಾಕು. ಮಾಂಸಖಂಡದಲ್ಲಿ ಬಿಡಿಬಿಡಿಯಾಗಿ ಮೂಳೆಯ ದ್ವೀಪಗಳಿದ್ದರೆ ಒಂದನೇ ವರ್ಗ. ಸೊಂಟದ ಮೂಳೆಯಿಂದಲೋ ತೊಡೆಯ ಮೂಳೆಯಿಂದಲೋ ಚಾಚಿಕೊಂಡ ಮುಳ್ಳುಗಳ ನಡುವೆ ಕನಿಷ್ಠ 1 ಸೆಂಟಿಮೀಟರ್ ಅಂತರ ಉಳಿದಿದ್ದರೆ ಎರಡನೆಯದು. ಅಂತರ ಅದಕ್ಕಿಂತ ಕಡಿಮೆಯಿದ್ದರೆ ಮೂರನೆಯದು. ಎರಡೂ ಕೂಡಿ ಕೀಲು ಬೆಸೆದಂತೆ ಕಂಡರೆ ನಾಲ್ಕನೆಯದು. ಮೊದಲೆರಡು ವರ್ಗದವರಲ್ಲಿ ಹೆಚ್ಚಿನವರಿಗೆ ತೊಂದರೆಯೇ ಇರುವುದಿಲ್ಲ, ಬೇರೆ ಕಾರಣಕ್ಕೆ ತೆಗೆದ ಎಕ್ಸ್‌-ರೇಯಲ್ಲಿ ಅದು ಆಕಸ್ಮಿಕವಾಗಿ ಕಾಣುತ್ತದೆ. ಈ ಅಳತೆಗೆ ಒಂದು ಮಿತಿಯಿದೆ. ಕೀಲಿನ ಮುಂದೆ ಒಂದು, ಹಿಂದೆ ಒಂದು ಮೂಳೆ ಬೆಳೆದಿದ್ದರೂ ಎಕ್ಸ್‌-ರೇಯ ಚಪ್ಪಟೆ ಚಿತ್ರದಲ್ಲಿ ಅವು ಒಂದರ ಮೇಲೊಂದು ಬಿದ್ದು ಬೆಸೆದಂತೆ ಕಾಣಬಹುದು. ಆದ್ದರಿಂದ ಎಕ್ಸ್‌-ರೇಯ ಜೊತೆಗೆ ಕಾಲು ನಿಜವಾಗಿ ಎಷ್ಟು ಡಿಗ್ರಿ ಮಡಚುತ್ತದೆ ಎಂದು ನೋಡಲೇಬೇಕು, ಶಸ್ತ್ರಚಿಕಿತ್ಸೆಯ ಮಾತು ಬಂದರೆ ಸಿಟಿ ಸ್ಕ್ಯಾನ್ ಮಾಡಿಸಲೇಬೇಕು.

ತಡೆಯಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು ವಿಕಿರಣ. ಕೀಲಿನ ಸುತ್ತಲಿನ ಮಾಂಸಖಂಡಕ್ಕೆ 7ರಿಂದ 8 ಗ್ರೇಯಷ್ಟು ವಿಕಿರಣವನ್ನು ಒಂದೇ ಸಲ ಕೊಡುತ್ತಾರೆ. ಕ್ಯಾನ್ಸರ್ ಗಡ್ಡೆಗೆ ವಾರಗಟ್ಟಲೆ ಕೊಡುವ ಒಟ್ಟು ಪ್ರಮಾಣಕ್ಕೆ ಹೋಲಿಸಿದರೆ ಇದು ಬಹಳ ಕಡಿಮೆ. ಶಸ್ತ್ರಚಿಕಿತ್ಸೆಗೆ ಮುಂಚಿನ 24 ಗಂಟೆಗಳೊಳಗೆ, ಇಲ್ಲವೇ ಆದಮೇಲಿನ 72 ಗಂಟೆಗಳೊಳಗೆ ಇದು ಮುಗಿಯಬೇಕು. ಮೂಳೆಯ ದಾರಿ ಹಿಡಿಯಲಿರುವ ಕೋಶಗಳು ವಿಭಜನೆಯಾಗದಂತೆ ತಡೆಯುವುದು ಉದ್ದೇಶವಾದ್ದರಿಂದ, ಕೋಶಗಳು ಬದಲಾಗಿಬಿಟ್ಟ ಮೇಲೆ ಕೊಟ್ಟರೆ ಹೆಚ್ಚು ಪ್ರಯೋಜನವಿಲ್ಲ. ಸಿಮೆಂಟ್ ಇಲ್ಲದೆ ಕೂರಿಸಿದ ಕೃತಕ ಕೀಲಿಗೆ ಸುತ್ತಲಿನ ಮೂಳೆ ಬೆಳೆದು ಅಂಟಿಕೊಳ್ಳಬೇಕಾಗಿರುವುದರಿಂದ ಆ ಭಾಗಕ್ಕೆ ವಿಕಿರಣ ತಾಗದಂತೆ ಮರೆಮಾಡುತ್ತಾರೆ. ಮಕ್ಕಳಿಗೂ ಗರ್ಭಿಣಿಯರಿಗೂ ಇದನ್ನು ಕೊಡುವುದಿಲ್ಲ.

ಇನ್ನೊಂದು ದಾರಿ ಉರಿಯೂತ ತಗ್ಗಿಸುವ ನೋವಿನ ಮಾತ್ರೆಗಳು. ಇಂಡೊಮೆಥಾಸಿನ್ ಇವುಗಳಲ್ಲಿ ಹಳೆಯದು, 25 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಮೂರು ಸಲ, ಹಲವು ಕಡೆ ಆರು ವಾರಗಳವರೆಗೆ ಕೊಡುತ್ತಾರೆ. ಅಗ್ಗ, ಯಾವ ಊರಿನ ಔಷಧ ಅಂಗಡಿಯಲ್ಲಾದರೂ ಸಿಗುತ್ತದೆ. ಆದರೆ ಹೊಟ್ಟೆಹುಣ್ಣು, ರಕ್ತಸ್ರಾವ, ಮೂತ್ರಪಿಂಡದ ತೊಂದರೆ ಇರುವವರಿಗೆ ಇದು ಅಪಾಯ. ಅದಕ್ಕಿಂತ ಮುಖ್ಯವಾದ ತೊಡಕು ಇನ್ನೊಂದಿದೆ. ಬೇಡದ ಮೂಳೆಯನ್ನು ತಡೆಯುವ ಔಷಧ ಬೇಕಾದ ಮೂಳೆಯನ್ನೂ ತಡೆಯಬಲ್ಲದು. ಬಟ್ಟಲಿನ ಜೊತೆಗೆ ತೊಡೆಯ ಅಥವಾ ಕೈಯ ಉದ್ದ ಮೂಳೆಯೂ ಮುರಿದಿದ್ದವರಲ್ಲಿ, ಇಂಡೊಮೆಥಾಸಿನ್ ತೆಗೆದುಕೊಂಡವರ ಮುರಿತ ಕೂಡದೇ ಉಳಿದ ಪ್ರಕರಣಗಳು ಹೆಚ್ಚಾಗಿ ಕಂಡುಬಂದಿವೆ. ಎಲ್ಲರಿಗೂ ಮಾತ್ರೆ ಕೊಟ್ಟುಬಿಡೋಣ ಎನ್ನುವ ವಾದವೂ ನಿಲ್ಲುವುದಿಲ್ಲ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ಸೊಂಟದ ಕೀಲು ಬದಲಿಸಿಕೊಂಡ 902 ಜನರ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಎರಡು ವಾರ ಐಬುಪ್ರೊಫೆನ್ ತೆಗೆದುಕೊಂಡವರಲ್ಲಿ ಬೇಡದ ಮೂಳೆ ಕಡಿಮೆಯಾಯಿತು ನಿಜ, ಆದರೆ ತಿಂಗಳುಗಳು ಕಳೆದ ಮೇಲೆ ನೋವಿನಲ್ಲಾಗಲಿ ಓಡಾಟದಲ್ಲಾಗಲಿ ಅವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಅಪಾಯ ಹೆಚ್ಚಿರುವವರನ್ನು ಆರಿಸಿ ಕೊಡುವುದೇ ಸರಿಯಾದ ಕ್ರಮ.

ಈ ಆಯ್ಕೆ ಎಷ್ಟು ಕಷ್ಟದ್ದೆಂದು ತಿಳಿಯಲು ಒಂದು ಕಲ್ಪಿತ ಉದಾಹರಣೆ ನೋಡಬಹುದು. ಮೂವತ್ತೆರಡು ವರ್ಷದ ಬೈಕ್ ಸವಾರನೊಬ್ಬನಿಗೆ ಅಪಘಾತದಲ್ಲಿ ತಲೆಗೆ ತೀವ್ರ ಪೆಟ್ಟು ಬಿದ್ದು ಮಿದುಳಿನಲ್ಲಿ ಸಣ್ಣ ರಕ್ತಸ್ರಾವವಾಗಿದೆ, ಬಲ ಸೊಂಟದ ಬಟ್ಟಲಿನ ಹಿಂಗೋಡೆ ಒಡೆದಿದೆ, ಅದೇ ಕಾಲಿನ ತೊಡೆ ಮೂಳೆಯೂ ಮುರಿದಿದೆ. ಐದನೇ ದಿನ ಹಿಂಬದಿಯಿಂದ ಸೀಳಿ ಬಟ್ಟಲಿಗೆ ಪ್ಲೇಟ್ ಹಾಕುತ್ತಾರೆ, ತೊಡೆಗೆ ರಾಡ್ ಕೂರಿಸುತ್ತಾರೆ. ಜಜ್ಜಿ ಸತ್ತುಹೋದ ಮಾಂಸಖಂಡದ ಚೂರುಗಳನ್ನು ತೆಗೆದು, ಮೂಳೆಪುಡಿ ಉಳಿಯದಂತೆ ಚೆನ್ನಾಗಿ ತೊಳೆಯುತ್ತಾರೆ. ತಡೆಗಟ್ಟುವಿಕೆ ನಿಜವಾಗಿ ಶುರುವಾಗುವುದು ಇಲ್ಲಿಂದಲೇ. ಮಾತ್ರೆ ಕೊಡೋಣವೆಂದರೆ ತೊಡೆ ಮೂಳೆ ಕೂಡದಿರಬಹುದು, ಮಿದುಳಿನ ರಕ್ತಸ್ರಾವ ಹೆಚ್ಚಬಹುದು. ಹಾಗಾಗಿ ಉಳಿಯುವುದು ವಿಕಿರಣ. ಅದಕ್ಕೆ ವೆಂಟಿಲೇಟರ್ ಸಮೇತ ರೋಗಿಯನ್ನು ವಿಕಿರಣ ಯಂತ್ರವಿರುವ ಕ್ಯಾನ್ಸರ್ ವಿಭಾಗಕ್ಕೋ ಬೇರೆ ಆಸ್ಪತ್ರೆಗೋ ಸಾಗಿಸಬೇಕು. ತಲೆಯೊಳಗಿನ ಒತ್ತಡ ಏರಿಳಿಯುತ್ತಿರುವುದರಿಂದ ಅರಿವಳಿಕೆ ತಜ್ಞರು ಒಪ್ಪುವುದಿಲ್ಲ. 72 ಗಂಟೆ ದಾಟುತ್ತದೆ. ಇದು ಯಾರ ತಪ್ಪೂ ಅಲ್ಲ, ಆ ಹೊತ್ತಿಗೆ ಜೀವ ಉಳಿಸುವುದೇ ಮೊದಲ ಕೆಲಸ.

ನಾಲ್ಕನೇ ವಾರದ ಹೊತ್ತಿಗೆ 90 ಡಿಗ್ರಿ ಮಡಚುತ್ತಿದ್ದ ಸೊಂಟ 60ಕ್ಕೆ ಇಳಿಯುತ್ತದೆ, ತೊಡೆಯ ಮೇಲ್ಭಾಗ ಬಿಸಿಯಾಗಿರುತ್ತದೆ. ಡಾಪ್ಲರ್ ಪರೀಕ್ಷೆಯಲ್ಲಿ ಹೆಪ್ಪು ಕಾಣುವುದಿಲ್ಲ. ಆರನೇ ವಾರದ ಎಕ್ಸ್‌-ರೇಯಲ್ಲಿ ಬಟ್ಟಲಿನ ಹಿಂದೆ ಮಸುಕು ಕಾಣುತ್ತದೆ, ಆರು ತಿಂಗಳಿಗೆ ಅದು ಬ್ರೂಕರ್ ಮೂರನೇ ವರ್ಗ ಮುಟ್ಟುತ್ತದೆ. ಈ ಅವಧಿಯಲ್ಲಿ ಫಿಸಿಯೋಥೆರಪಿ ನಿಲ್ಲಿಸಬಾರದು, ಆದರೆ ಬಲವಂತವಾಗಿ ಕಾಲು ಮಡಚಲೂ ಬಾರದು. ತಿಂಗಳುಗಟ್ಟಲೆ ಭಾರ ಹೊರದ ತೊಡೆ ಮೂಳೆ ಸೊರಗಿ, ಕತ್ತಿನ ಬಳಿ ಮುರಿಯುವ ಅಪಾಯವಿರುತ್ತದೆ. ಕುರ್ಚಿಯಲ್ಲಿ ನೆಟ್ಟಗೆ ಕೂರಲು ಸೊಂಟ ಸುಮಾರು 90 ಡಿಗ್ರಿ ಮಡಚಬೇಕು. ನೆಲದ ಮೇಲೆ ಊಟಕ್ಕೆ ಕೂರಲು, ಕುಕ್ಕರುಗಾಲಿನಲ್ಲಿ ಕೂರಲು ಅದಕ್ಕಿಂತ ಹೆಚ್ಚು ಬೇಕು. ಹಾಗಾಗಿ ಇಷ್ಟು ಬೆಳೆದ ಮೇಲೆ ಮೂಳೆ ತೆಗೆಯುವ ಮಾತು ಬರುತ್ತದೆ.

ಯಾವಾಗ ತೆಗೆಯಬೇಕು ಎಂಬುದಕ್ಕೆ ಹಿಂದೆ ಒಂದು ಲೆಕ್ಕವಿತ್ತು. ಬರೀ ಪೆಟ್ಟಿನಿಂದ ಆದದ್ದಾದರೆ ಆರು ತಿಂಗಳು, ಬೆನ್ನುಹುರಿ ಗಾಯಕ್ಕೆ ಒಂದು ವರ್ಷ, ತಲೆಗಾಯಕ್ಕೆ ಒಂದೂವರೆ ವರ್ಷ ಕಾಯುತ್ತಿದ್ದರು. ಬೇಗ ತೆಗೆದರೆ ಮತ್ತೆ ಬೆಳೆಯುತ್ತದೆ ಎಂಬ ಭಯ ಅದಕ್ಕೆ ಕಾರಣ. ಈಗ ತಿಂಗಳ ಎಣಿಕೆಗಿಂತ ಮೂಳೆ ಬಲಿತಿದೆಯೇ ಎಂಬುದನ್ನು ನೋಡುತ್ತಾರೆ. ಎಕ್ಸ್‌-ರೇಯಲ್ಲಿ ಅದರ ಅಂಚು ಸ್ಪಷ್ಟವಾಗಿರಬೇಕು, ಹೊರಪದರ ಗಟ್ಟಿಯಾಗಿ ಕಾಣಬೇಕು, ಒಂದು ಚಿತ್ರಕ್ಕೂ ಮುಂದಿನದಕ್ಕೂ ಗಾತ್ರ ಹೆಚ್ಚಿರಬಾರದು. ರೋಗಿಗೆ ಪ್ರಜ್ಞೆ ಮರಳಿ, ಕಾಲಿನ ಮೇಲೆ ಹಿಡಿತ ಬಂದು, ವ್ಯಾಯಾಮಕ್ಕೆ ಸಹಕರಿಸುವಂತಿದ್ದರೆ ಫಲ ಒಳ್ಳೆಯದಿರುತ್ತದೆ. ಹಿಂಬದಿಯ ಮೂಳೆ ಸಯಾಟಿಕ್ ನರವನ್ನು ಸುತ್ತಿಕೊಂಡಿರಬಹುದಾದ್ದರಿಂದ ಮೊದಲು ನರವನ್ನು ಹುಡುಕಿ, ಬಿಡಿಸಿ, ಪಕ್ಕಕ್ಕೆ ಸರಿಸಿಕೊಂಡೇ ಮೂಳೆಗೆ ಉಳಿ ಹಾಕುತ್ತಾರೆ. ಎಲ್ಲ ಚೂರನ್ನೂ ಹುಡುಕಿ ತೆಗೆಯುವ ಹಟ ಬೇಕಿಲ್ಲ, ಚಲನೆಗೆ ಅಡ್ಡಿಯಾದದ್ದನ್ನು ತೆಗೆದರೆ ಸಾಕು. ಈ ಶಸ್ತ್ರಚಿಕಿತ್ಸೆಯೂ ಹೊಸ ಗಾಯವೇ ಆದ್ದರಿಂದ 72 ಗಂಟೆಗಳ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ. ಈ ಸಲ ರೋಗಿ ಎಚ್ಚರವಾಗಿದ್ದಾನೆ, ತೊಡೆ ಮೂಳೆ ಕೂಡಿದೆ, ವಿಕಿರಣಕ್ಕೆ ಕರೆದೊಯ್ಯಲು ಅಡ್ಡಿಯಿಲ್ಲ. ಆದ್ದರಿಂದ ಶಸ್ತ್ರಚಿಕಿತ್ಸೆಯ ದಿನಾಂಕದ ಜೊತೆಗೇ ವಿಕಿರಣ ಯಂತ್ರದ ಸಮಯವನ್ನೂ ಗೊತ್ತುಮಾಡಿಕೊಂಡಿರುತ್ತಾರೆ.