ಒಂದು ಫೋನು, ಒಂದೇ ಆರತಿ

ಮಂಗಳಾರತಿಗೆ ರೀಟೇಕ್ ಇಲ್ಲ. ಕರ್ಪೂರ ಹೊತ್ತಿ ಆರುವುದು ಒಂದೆರಡು ನಿಮಿಷದಲ್ಲಿ. ಕೈಯಲ್ಲಿರುವುದು ಒಂದೇ ಫೋನು ಎಂದಾಗ ದೇವರು, ಘಂಟೆ, ಭಕ್ತರ ಮುಖ ಮೂರನ್ನೂ ಆ ಹೊತ್ತಿನಲ್ಲೇ ಹಿಡಿಯಲು ಆಗದು. ಯಾವುದನ್ನು ಮೊದಲೇ ತೆಗೆಯಬೇಕು, ಯಾವುದನ್ನು ಆಮೇಲೆ ಎಂದು ಗುಡಿಗೆ ಹೋಗುವ ಮುನ್ನವೇ ಬರೆದಿಟ್ಟುಕೊಳ್ಳುವ ಚೀಟಿಯೇ ಶಾಟ್ ಲಿಸ್ಟ್.

ಯಾದಗಿರಿ, ಶಹಾಪುರ, ಸುರಪುರ ಮೂರೂ ಗುಡ್ಡಗಳ ಊರು. ನಾಯಕರ ರಾಜಧಾನಿಯಾಗಿದ್ದ ಸುರಪುರದ ವೇಣುಗೋಪಾಲಸ್ವಾಮಿ ಗುಡಿಯನ್ನೇ ತೆಗೆದುಕೊಂಡರೆ, ಒಂದೂವರೆ ನಿಮಿಷದ ವಿಡಿಯೊಗೆ ಲಿಸ್ಟ್ ಹೀಗಿರಬಹುದು:

1. ಗುಡ್ಡದ ಅಂಚಿಗೆ ಬೆಳಕು, ಕೆಳಗೆ ಊರು. ಫೋನು ಅಲ್ಲಾಡಬಾರದು. 8 ಸೆಕೆಂಡು.
2. ದೀಪಕ್ಕೆ ಎಣ್ಣೆ ಹಾಕುವ ಕೈ, ಹತ್ತಿರದಿಂದ. 5 ಸೆಕೆಂಡು.
3. ಘಂಟೆ, ಕೆಳಗಿನಿಂದ ಮೇಲಕ್ಕೆ ನೋಡಿದಂತೆ. 4 ಸೆಕೆಂಡು.
4. ಮಂಗಳಾರತಿ, ನಡುವೆ ನಿಲ್ಲಿಸದೆ. 60 ಸೆಕೆಂಡು.
5. ಆರತಿ ತಟ್ಟೆಯ ಮೇಲೆ ಚಾಚಿ ಕಣ್ಣಿಗೊತ್ತಿಕೊಳ್ಳುವ ಕೈಗಳು. 8 ಸೆಕೆಂಡು.
6. ತೀರ್ಥ ಪಡೆದು ಹೊಸ್ತಿಲು ದಾಟುವ ಪಾದಗಳು. 5 ಸೆಕೆಂಡು.

ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಸುಮಾರು 6.50ಕ್ಕೆ, ಜೂನ್‌ನಲ್ಲಿ 5.50ಕ್ಕೆ. ಆರತಿಯ ವೇಳೆಯನ್ನು ಅರ್ಚಕರಿಂದ ಹಿಂದಿನ ದಿನವೇ ಕೇಳಿಕೊಂಡರೆ ಮೊದಲ ಶಾಟ್ ಆರತಿಗೆ ಮುಂಚೆಯೋ ನಂತರವೋ ಎಂಬುದು ತೀರ್ಮಾನವಾಗುತ್ತದೆ. ಅನುಮತಿಯನ್ನೂ ಆಗಲೇ ಕೇಳಬೇಕು. ಹಲವು ಗುಡಿಗಳಲ್ಲಿ ಮೂಲಮೂರ್ತಿಯನ್ನು ಚಿತ್ರಿಸುವಂತಿಲ್ಲ. ಅಲ್ಲಿ ನಾಲ್ಕನೇ ಶಾಟ್ ಆರತಿಯ ಬೆಳಕು ಬಿದ್ದ ಭಕ್ತರ ಮುಖಗಳತ್ತ ತಿರುಗುತ್ತದೆ.

ಕೈಕೊಡುವುದು ಹೆಚ್ಚಾಗಿ ಈ ನಾಲ್ಕನೆಯದೇ. ಗರ್ಭಗುಡಿ ಕತ್ತಲು, ಕರ್ಪೂರ ಪ್ರಖರ. ಕತ್ತಲನ್ನು ನೋಡಿ ಫೋನು ತಾನಾಗಿ ಬೆಳಕು ಏರಿಸುತ್ತದೆ, ಜ್ವಾಲೆ ಬಿಳಿ ಮುದ್ದೆಯಾಗುತ್ತದೆ. ಆದ್ದರಿಂದ ಆರತಿಗೆ ಮುನ್ನವೇ ತನ್ನ ಜಾಗದಲ್ಲಿ ನಿಂತು, ದೇವರ ಪಕ್ಕದ ನಂದಾದೀಪದ ಮೇಲೆ ಬೆರಳು ಒತ್ತಿ ಹಿಡಿಯಬೇಕು. ಐಫೋನ್‌ನಲ್ಲಾದರೆ ‘AE/AF LOCK’ ಎಂದು ಬರುತ್ತದೆ. ನಂತರ ಸೂರ್ಯನ ಗುರುತನ್ನು ಕೆಳಕ್ಕೆ ಎಳೆದು, ದೀಪದ ಅಂಚು ಕಿತ್ತಳೆ ಬಣ್ಣಕ್ಕೆ ಬಂದಾಗ ಇನ್ನೂ ತುಸು ಇಳಿಸಬೇಕು. ಏಕೆಂದರೆ ಕರ್ಪೂರ ನಂದಾದೀಪಕ್ಕಿಂತ ಜೋರಾಗಿ ಉರಿಯುತ್ತದೆ.

ಎಲ್‌ಇಡಿ ಬಲ್ಬಿರುವ ಗುಡಿಯಲ್ಲಿ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ತೆವಳಿದರೆ ಅದು ಲೆನ್ಸಿನ ದೋಷವಲ್ಲ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತದ್ದು, ಬಲ್ಬು ಅದರ ಲಯದಲ್ಲಿ ಮಿನುಗುತ್ತದೆ. ಫೋನು ಸೆಕೆಂಡಿಗೆ 30 ಚಿತ್ರ ಹಿಡಿಯುತ್ತದೆ, ಎರಡೂ ಹೊಂದುವುದಿಲ್ಲ. 25ಕ್ಕೆ ಇಳಿಸಿದರೆ ಬಹುಪಾಲು ಸರಿಹೋಗುತ್ತದೆ. ಐಫೋನ್‌ನಲ್ಲಿ ಆ ಆಯ್ಕೆ ಕಾಣಲು ಸೆಟ್ಟಿಂಗ್ಸ್‌ನಲ್ಲಿ ‘Show PAL Formats’ ಒತ್ತಬೇಕು.

ಆರತಿಯ ನಡುವೆ ಯಾರೋ ಕೈಯೆತ್ತಿ ಮುಗಿದರು, ಮೂರು ಸೆಕೆಂಡು ದೇವರು ಮರೆಯಾದರು ಎನ್ನಿ. ಆ ಜಾಗಕ್ಕೆ ಮೊದಲೇ ತೆಗೆದಿಟ್ಟ ಘಂಟೆಯನ್ನು ಹಾಕಬಹುದು, ಶಬ್ದವನ್ನು ಮಾತ್ರ ಆರತಿಯದ್ದನ್ನೇ ಉಳಿಸಬೇಕು. ಕಿವಿಯಲ್ಲಿ ಜಾಗಟೆ ಕಡಿಯದೆ ಸಾಗುವುದರಿಂದ ನೋಡುವವರಿಗೆ ಕತ್ತರಿ ಗೊತ್ತಾಗುವುದಿಲ್ಲ. ಇದಕ್ಕಾಗಿ ಶಬ್ದ ಒಡೆದಿರಬಾರದು: ಜಾಗಟೆಯಿಂದ ದೂರ ನಿಲ್ಲಬೇಕು, ಫೋನಿನ ಅಂಚಿನ ಮೈಕು ಬೆರಳಿನಿಂದ ಮುಚ್ಚಿರಬಾರದು, ಕರೆ ಬಾರದಂತೆ ಏರೋಪ್ಲೇನ್ ಮೋಡ್ ಹಾಕಿರಬೇಕು.

ಎಲ್ಲ ಮುಗಿದ ಮೇಲೆ ಗುಡಿಯ ಕಟ್ಟೆಯಲ್ಲೇ ಕುಳಿತು ನಾಲ್ಕನೇ ಶಾಟನ್ನೊಮ್ಮೆ ಪೂರ್ತಿ ನೋಡಬೇಕು. ಜ್ವಾಲೆ ಬೆಳ್ಳಗೆ ಕಂಡರೆ ಎಡಿಟಿಂಗ್‌ನಲ್ಲಿ ಅದು ಮರಳಿ ಬರುವುದಿಲ್ಲ; ಮರುದಿನ ಬೆಳಿಗ್ಗೆ ಮತ್ತೆ ಬರಬೇಕು.